ಏಳು ಪಾಯಿಂಟ್, ಹನ್ನೊಂದು ನಾಟ್: ತುದಿ ಮುಟ್ಟದ ಒಂದು ಬಿ-ಸ್ಪ್ಲೈನ್ ಪ್ರಕರಣ

ಒಂದು ಚಿಕ್ಕ ಡ್ರಾಯಿಂಗ್ ಪ್ರೋಗ್ರಾಂ. ಪರದೆ ಮೇಲೆ ಏಳು ಕಡೆ ಕ್ಲಿಕ್ ಮಾಡಿದರೆ ಆ ಪಾಯಿಂಟ್‌ಗಳ ಜಾಡು ಹಿಡಿದು ಒಂದು ನುಣುಪಾದ ಕರ್ವ್ ಮೂಡಬೇಕು. ಮೊದಲ ಕ್ಲಿಕ್‌ನಲ್ಲಿ ಶುರುವಾಗಬೇಕು, ಕೊನೆಯ ಕ್ಲಿಕ್‌ನಲ್ಲಿ ನಿಲ್ಲಬೇಕು. ನಡುವಿನ ಪಾಯಿಂಟ್‌ಗಳನ್ನು ಮುಟ್ಟದಿದ್ದರೂ ಪರವಾಗಿಲ್ಲ, ಹತ್ತಿರ ಹಾದುಹೋದರೆ ಸಾಕು. ಇದನ್ನು ಬರೆದ ಸಹೋದ್ಯೋಗಿ ಕ್ಯೂಬಿಕ್ ಬಿ-ಸ್ಪ್ಲೈನ್, ಅಂದರೆ ಮೂರನೇ ಡಿಗ್ರಿಯ ತುಂಡುಗಳನ್ನು ನುಣುಪಾಗಿ ಜೋಡಿಸಿದ ಕರ್ವ್, ಆರಿಸಿಕೊಂಡಿದ್ದರು. ಆಯ್ಕೆ ಸರಿಯಾದದ್ದೇ. ಒಂದು ಪಾಯಿಂಟ್ ಎಳೆದರೆ ಅದರ ಆಸುಪಾಸಿನ ಭಾಗ ಮಾತ್ರ ಅಲುಗುತ್ತದೆ, ದೂರದ ಭಾಗ ಇದ್ದ ಹಾಗೇ ಇರುತ್ತದೆ.

ಆದರೆ ಪರದೆ ಮೇಲೆ ಬಂದದ್ದು ವಿಚಿತ್ರವಾಗಿತ್ತು. ಕರ್ವ್ ಪರದೆಯ ಎಡ ಮೇಲ್ಮೂಲೆಯಿಂದ ಹೊರಟು, ಪಾಯಿಂಟ್‌ಗಳ ನಡುವೆ ಚೆನ್ನಾಗಿ ಬಳುಕಿ, ಮತ್ತೆ ಅದೇ ಮೂಲೆಗೆ ವಾಪಸ್ ಹೋಗುತ್ತಿತ್ತು. ಮೊದಲ ಪಾಯಿಂಟನ್ನೂ ಮುಟ್ಟುತ್ತಿರಲಿಲ್ಲ, ಕೊನೆಯದನ್ನೂ ಮುಟ್ಟುತ್ತಿರಲಿಲ್ಲ. ಕೋಡ್ ಓದಿದರೆ ಸೂತ್ರದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ಸೂತ್ರ ಸರಿ ಇದ್ದೂ ಕರ್ವ್ ತಪ್ಪಾಗುವುದು ಬಿ-ಸ್ಪ್ಲೈನ್‌ನಲ್ಲಿ ತುಂಬಾ ಸಾಮಾನ್ಯ, ಮತ್ತು ಕಾರಣ ಪ್ರತಿ ಸಲ ನಾಟ್ ವೆಕ್ಟರ್, ಅಂದರೆ ತುಂಡುಗಳು ಎಲ್ಲೆಲ್ಲಿ ಕೂಡುತ್ತವೆ ಅಂತ ಹೇಳುವ ಸಂಖ್ಯೆಗಳ ಪಟ್ಟಿ, ಅದರ ಸುತ್ತಮುತ್ತಲೇ ಸಿಗುತ್ತದೆ.

ಕೈಯಲ್ಲೇ ಲೆಕ್ಕ ಹಾಕಲು ಸುಲಭವಾಗಲಿ ಅಂತ ಪರೀಕ್ಷೆಗೆ ಹನ್ನೆರಡರ ಗುಣಕಗಳಲ್ಲಿ ಪಾಯಿಂಟ್‌ಗಳನ್ನು ಇಟ್ಟುಕೊಂಡೆವು:

```
P0=(12,12)  P1=(12,36)  P2=(36,48)  P3=(60,36)
P4=(72,12)  P5=(96,12)  P6=(108,36)
```

ಡಿಗ್ರಿ 3. ಪಾಯಿಂಟ್‌ಗಳ ಸಂಖ್ಯೆಗೆ ಡಿಗ್ರಿಯನ್ನೂ ಒಂದನ್ನೂ ಕೂಡಿಸಿದರೆ ನಾಟ್‌ಗಳ ಸಂಖ್ಯೆ ಬರುತ್ತದೆ. ಅಂದರೆ 7 + 3 + 1, ಒಟ್ಟು 11 ನಾಟ್. ಕೋಡ್‌ನಲ್ಲಿ ಅವು 0, 1, 2 ಅಂತ ಶುರುವಾಗಿ 10ರವರೆಗೆ ಸಮ ಅಂತರದಲ್ಲಿದ್ದವು. ಲೂಪ್ ಕೂಡ ಕರ್ವ್ ಮೇಲಿನ ಸ್ಥಾನ ಹೇಳುವ `u` ಅನ್ನು 0ಯಿಂದ 10ರವರೆಗೆ ಓಡಿಸುತ್ತಿತ್ತು. ನೋಡಿದರೆ ಸಹಜವಾಗೇ ಕಾಣುತ್ತದೆ, ಅಲ್ವಾ? ನಾಟ್‌ಗಳು ಎಲ್ಲಿಂದ ಎಲ್ಲಿಗಿವೆಯೋ ಕರ್ವ್ ಕೂಡ ಅಲ್ಲಿಂದ ಅಲ್ಲಿಗೆ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ.

ಇದು ಮೂಲ ಕೋಡ್‌ನ ಹೃದಯಭಾಗ:

```js
function N(i, p, u, U) {
  if (p === 0) return (U[i] <= u && u < U[i+1]) ? 1 : 0;
  const a = (u - U[i]) / (U[i+p] - U[i]);
  const b = (U[i+p+1] - u) / (U[i+p+1] - U[i+1]);
  return a * N(i, p-1, u, U) + b * N(i+1, p-1, u, U);
}
```

ಇದನ್ನು ಕಾಕ್ಸ್-ಡಿ ಬೋರ್ ಸೂತ್ರ ಅನ್ನುತ್ತಾರೆ. ಮಾರಿಸ್ ಕಾಕ್ಸ್ ಮತ್ತು ಕಾರ್ಲ್ ಡಿ ಬೋರ್ ಇಬ್ಬರೂ 1972ರಲ್ಲಿ ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಬಿ-ಸ್ಪ್ಲೈನ್ ಲೆಕ್ಕಕ್ಕೆ ಭಾಗಿಸಿದ ವ್ಯತ್ಯಾಸಗಳ ದಾರಿ ಹಿಡಿಯುತ್ತಿದ್ದರು. ಹೆಚ್ಚುಕಡಿಮೆ ಸಮ ಇರುವ ದೊಡ್ಡ ಸಂಖ್ಯೆಗಳನ್ನು ಒಂದರಿಂದ ಒಂದು ಕಳೆಯಬೇಕಾಗಿ ಬಂದು, ಅಂಕಿಗಳ ನಿಖರತೆ ಹಾಳಾಗುತ್ತಿತ್ತು. ಈ ಸೂತ್ರದಲ್ಲಿ ಆ ಕಾಟ ಇಲ್ಲ. ಕೆಳಗಿನ ಡಿಗ್ರಿಯ ಎರಡು ತೂಕಗಳನ್ನು ಋಣವಲ್ಲದ ಪಾಲುಗಳಲ್ಲಿ ಬೆರೆಸಿ ಮೇಲಿನ ಡಿಗ್ರಿಯ ಒಂದು ತೂಕ ಮಾಡುತ್ತದೆ, ಅಷ್ಟೇ. ಡಿಗ್ರಿ 0ಯಲ್ಲಿ ತೂಕ ಒಂದೇ ಒಂದು ನಾಟ್ ಅಂತರದಲ್ಲಿ 1 ಇರುತ್ತದೆ, ಉಳಿದ ಕಡೆ 0. ಪ್ರತಿ ಹಂತಕ್ಕೂ ಅದು ಒಂದು ಅಂತರ ಅಗಲವಾಗುತ್ತಾ ಹೋಗಿ, ಡಿಗ್ರಿ 3ಕ್ಕೆ ಬರುವಾಗ ನಾಲ್ಕು ಅಂತರಗಳ ಮೇಲೆ ಹರಡಿದ ಒಂದು ಗುಡ್ಡ ಆಗುತ್ತದೆ. ಕರ್ವ್ ಮೇಲಿನ ಜಾಗ ಅಂದರೆ ಪ್ರತಿ ಪಾಯಿಂಟನ್ನು ಅದರ ಗುಡ್ಡದ ಎತ್ತರದಿಂದ ಗುಣಿಸಿ ಕೂಡಿಸಿದ್ದು.

ಹೀಗೆ ಕೂಡಿಸುವುದಕ್ಕೆ ಅರ್ಥ ಇರಬೇಕಾದರೆ ತೂಕಗಳ ಮೊತ್ತ 1 ಆಗಲೇಬೇಕು. ನಾವು ಮೊದಲು ನೋಡಿದ್ದೂ ಅದನ್ನೇ. ಕರ್ವ್ ಬಿಡಿಸುವುದನ್ನು ನಿಲ್ಲಿಸಿ, ಪ್ರತಿ `u`ಗೆ ಏಳೂ ತೂಕಗಳ ಮೊತ್ತವನ್ನು ಮಾತ್ರ ಪ್ರಿಂಟ್ ಮಾಡಿಸಿದೆವು.

`u = 0` ಇದ್ದಾಗ ಮೊತ್ತ 0. ಯಾವ ಗುಡ್ಡವೂ ಇನ್ನೂ ಎದ್ದಿಲ್ಲ. `u = 1` ಇದ್ದಾಗ P0 ಮಾತ್ರ ಎದ್ದಿದೆ, ಅದೂ 1/6 ಎತ್ತರಕ್ಕೆ. ಹಾಗಾಗಿ ಕರ್ವ್ ಇರುವುದು P0ಯ ಆರನೇ ಒಂದು ಭಾಗದಲ್ಲಿ, (2,2)ರಲ್ಲಿ. `u = 2` ಇದ್ದಾಗ P0ಗೆ 4/6, P1ಗೆ 1/6; ಮೊತ್ತ 5/6, ಜಾಗ (10,14). `u = 3`ಕ್ಕೆ ಬಂದಾಗ ಮೊದಲ ಸಲ ಮೊತ್ತ ಸರಿಯಾಗಿ 1 ಆಗುತ್ತದೆ. ಅಲ್ಲಿಂದ 7ರವರೆಗೆ 1 ಆಗೇ ಇದ್ದು, ಆಮೇಲೆ ಇಳಿಯುತ್ತಾ 10ರಲ್ಲಿ ಮತ್ತೆ 0 ಆಗುತ್ತದೆ.

ಮೂಲೆಯಿಂದ ಬರುವ ಬಾಲದ ಗುಟ್ಟು ಇದೇ. ಮೊತ್ತ 1ಕ್ಕಿಂತ ಕಡಿಮೆ ಇದ್ದರೆ ಉಳಿದ ತೂಕವನ್ನು ಸೊನ್ನೆ ಬಿಂದುವಿಗೆ ಕೊಟ್ಟ ಹಾಗಾಗುತ್ತದೆ. (0,0) ಅಲ್ಲಿ ಕೂತ ಎಂಟನೇ ಕಂಟ್ರೋಲ್ ಪಾಯಿಂಟ್ ತರ ಕರ್ವನ್ನು ತನ್ನ ಕಡೆ ಎಳೆಯುತ್ತದೆ. ಕ್ಯಾನ್ವಾಸ್‌ನಲ್ಲಿ (0,0) ಅಂದರೆ ಎಡ ಮೇಲ್ಮೂಲೆ. ಇದು ಹೌದೋ ಅಲ್ಲವೋ ನೋಡಲು ಸುಲಭ ದಾರಿ ಇದೆ: ಏಳೂ ಪಾಯಿಂಟ್‌ಗಳಿಗೆ 1000 ಕೂಡಿಸಿ ನೋಡಿ. ಸರಿಯಾದ ಕರ್ವ್ ಆದರೆ ಆಕಾರ ಹಾಗೇ ಇದ್ದು ಪೂರ್ತಿ ಸರಿಯಬೇಕು. ಇಲ್ಲಿ ಬಾಲ ಮಾತ್ರ ಉದ್ದವಾಯಿತು, ಅದರ ತುದಿ ಮೂಲೆ ಬಿಟ್ಟು ಕದಲಲಿಲ್ಲ.

ಡಿಗ್ರಿ `p` ಆದಾಗ ಕರ್ವ್ ನಿಜವಾಗಿ ಇರುವುದು `U[p]`ಯಿಂದ `U[n+1]`ವರೆಗೆ ಮಾತ್ರ. ಇಲ್ಲಿ `n` ಅಂದರೆ ಕೊನೆಯ ಪಾಯಿಂಟ್‌ನ ನಂಬರ್, 6. ಹಾಗಾಗಿ ನಮ್ಮ ವ್ಯಾಪ್ತಿ 3ರಿಂದ 7. ಅದರ ಆಚೀಚೆ ಇರುವ ಮೂರು ಮೂರು ನಾಟ್‌ಗಳು ತುದಿಯ ಗುಡ್ಡಗಳಿಗೆ ಆಕಾರ ಕೊಡಲು ಬೇಕು. ಅವುಗಳ ಮೇಲೆ ಕರ್ವ್ ಓಡಿಸುವ ಹಾಗಿಲ್ಲ.

ಲೂಪ್ ಅನ್ನು 3ರಿಂದ 7ಕ್ಕೆ ಸೀಮಿತಗೊಳಿಸಿದ ಕೂಡಲೇ ಬಾಲ ಎರಡೂ ಮಾಯವಾದವು. ಆದರೆ ಕರ್ವ್ ಈಗ ಮೊದಲ ಪಾಯಿಂಟ್ (12,12) ಬಿಟ್ಟು (16,34)ರಲ್ಲಿ ಶುರುವಾಗುತ್ತಿತ್ತು. ಹೆಚ್ಚುಕಡಿಮೆ P1ರ ಪಕ್ಕದಲ್ಲೇ. `u = 3`ರಲ್ಲಿ P0ಗೆ 1/6, P1ಗೆ 4/6, P2ಗೆ 1/6 ತೂಕ ಬರುತ್ತದೆ. P0ಯ ಗುಡ್ಡ ತನ್ನ ಶಿಖರವನ್ನು `u = 2`ರಲ್ಲೇ ದಾಟಿ ಇಳಿಯುತ್ತಿದೆ, ಕರ್ವ್ ಶುರುವಾಗುವಷ್ಟರಲ್ಲಿ ಅದರ ಕಾಲ ಮುಗಿಯುತ್ತಾ ಬಂದಿದೆ. ಆ ಕಡೆ ತುದಿಯೂ ಹಾಗೇ, (108,36) ಬದಲು (94,16)ರಲ್ಲಿ ನಿಂತಿತು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಹಿಡಿಯುವ ಒಂದು ಅಡ್ಡದಾರಿ ಇದೆ: ಮೊದಲ ಪಾಯಿಂಟನ್ನು ಮೂರು ಸಲ, ಕೊನೆಯದನ್ನೂ ಮೂರು ಸಲ ಹಾಕುವುದು. ಆಗ `u = 3`ರಲ್ಲಿ ಮೂರೂ ತೂಕ ಒಂದೇ ಪಾಯಿಂಟ್‌ಗೆ ಬೀಳುತ್ತದೆ, ಕರ್ವ್ ತುದಿಯನ್ನು ಮುಟ್ಟುತ್ತದೆ. ಸಹೋದ್ಯೋಗಿಯೂ ಇದನ್ನೇ ಸೂಚಿಸಿದರು. ನಾನು ಬೇಡ ಅಂದೆ, ಕಾರಣ ಇಷ್ಟು. ಮೊದಲ ಅಂತರದಲ್ಲಿ ಈಗ ಇರುವುದು P0, P0, P0, P1. ಅಂತರದೊಳಗಿನ ಸ್ಥಾನವನ್ನು `t` ಅಂದರೆ P1ರ ತೂಕ t³/6, ಉಳಿದದ್ದೆಲ್ಲ P0ಗೆ. ಅಂದರೆ ಕರ್ವ್ P0ಯಿಂದ P1ರ ಕಡೆಗೆ ದಾರಿಯ ಆರನೇ ಒಂದು ಭಾಗದವರೆಗೆ ಕಡ್ಡಿ ಇಟ್ಟ ಹಾಗೆ ನೇರ ಹೋಗುತ್ತದೆ. ಶುರುವಿನಲ್ಲಿ ವೇಗ ಸೊನ್ನೆ. ಸುಮ್ನೆ ಗೆರೆ ಎಳೆಯಲು ಇದು ನಡೆದೀತು. ಆದರೆ ತುದಿಯಲ್ಲಿ ದಿಕ್ಕು ಬೇಕು ಅಂತ ಡೆರಿವೇಟಿವ್ ಕೇಳಿದರೆ (0,0) ಸಿಗುತ್ತದೆ, ಬಾಣದ ತಲೆ ಬಿಡಿಸುವ ಕೋಡ್ ಅಲ್ಲೇ ಎಡವುತ್ತದೆ. ಇನ್ನೊಂದು ದಾರಿ P0ಯ ಹಿಂದೆ 2·P0 − P1 ಅನ್ನುವ ಕಾಣದ ಪಾಯಿಂಟ್ ಸೇರಿಸುವುದು. ಇದು ಸ್ವಲ್ಪ ವಾಸಿ, ಕರ್ವ್ P0ಯಲ್ಲೇ ಶುರುವಾಗುತ್ತದೆ, ವೇಗವೂ ಸೊನ್ನೆಯಾಗುವುದಿಲ್ಲ. ಆದರೆ ತುದಿಯಲ್ಲಿ ಬಾಗು ಯಾವಾಗಲೂ ಸೊನ್ನೆಗೆ ಕಟ್ಟಿಬೀಳುತ್ತದೆ.

ಪಾಯಿಂಟ್‌ಗಳನ್ನು ಮುಟ್ಟದೆ ನಾಟ್‌ಗಳನ್ನು ಬದಲಿಸುವುದೇ ಸರಿಯಾದ ದಾರಿ. ಮೊದಲ ನಾಟ್ ಅನ್ನು ಡಿಗ್ರಿಗಿಂತ ಒಂದು ಸಲ ಜಾಸ್ತಿ, ಅಂದರೆ ನಾಲ್ಕು ಸಲ ಬರೆಯಬೇಕು. ಕೊನೆಯದನ್ನೂ ಅಷ್ಟೇ ಸಲ. ಒಟ್ಟು 11ರಲ್ಲಿ 8 ಹೀಗೆ ಖರ್ಚಾಗಿ ನಡುವಿಗೆ ಮೂರು ಉಳಿಯುತ್ತವೆ:

```
U = [0, 0, 0, 0, 1, 2, 3, 4, 4, 4, 4]
```

ಇದೇ ಕ್ಲ್ಯಾಂಪ್ಡ್ ನಾಟ್ ವೆಕ್ಟರ್. ವ್ಯಾಪ್ತಿ ಈಗ `U[3]`ರಿಂದ `U[7]`, ಅಂದರೆ 0ಯಿಂದ 4. ಮೊದಲಿನ ಹಾಗೇ ನಾಲ್ಕು ತುಂಡು. ನಡುವಿನ 1, 2, 3 ಒಂದೊಂದೇ ಸಲ ಇರುವುದರಿಂದ ಅಲ್ಲೆಲ್ಲ ತುಂಡುಗಳು ಎರಡನೇ ಡೆರಿವೇಟಿವ್ ತನಕ ನುಣುಪಾಗಿ ಕೂಡುತ್ತವೆ. ತುದಿಯಲ್ಲಿ ಮಾತ್ರ ನಾಟ್‌ಗಳು ಒಟ್ಟಾಗಿ ನಿಂತಿವೆ. ಒಟ್ಟಾಗಿ ನಿಂತಾಗ ಮೊದಲ ಗುಡ್ಡದ ಏರುಭಾಗಕ್ಕೆ ಅಗಲವೇ ಉಳಿಯುವುದಿಲ್ಲ. P0ಯ ಗುಡ್ಡ `u = 0`ಯಲ್ಲಿ ನೇರ 1ರ ಎತ್ತರದಿಂದ ಶುರುವಾಗಿ ಇಳಿಯುತ್ತದೆ. ಆ ಕ್ಷಣದಲ್ಲಿ ಬೇರೆ ಎಲ್ಲರ ತೂಕ 0. ಕರ್ವ್ P0ಯಲ್ಲಿರದೆ ಬೇರೆ ದಾರಿಯಿಲ್ಲ.

ಇಲ್ಲಿ ಒಂದು ಎಚ್ಚರ. ಕೆಲವು ಸಾಫ್ಟ್‌ವೇರ್‌ಗಳು, ಉದಾಹರಣೆಗೆ 3ಡಿ ಮಾಡೆಲಿಂಗ್‌ನ ರೈನೋ, ಎರಡೂ ಕಡೆಯ ತುತ್ತತುದಿಯ ಒಂದೊಂದು ನಾಟ್ ಅನ್ನು ಇಟ್ಟುಕೊಳ್ಳುವುದೇ ಇಲ್ಲ. ಅವುಗಳಲ್ಲಿ ಇದೇ ಕರ್ವ್‌ಗೆ 9 ನಾಟ್ ಕಾಣುತ್ತದೆ, ತುದಿಯಲ್ಲಿ ನಾಲ್ಕರ ಬದಲು ಮೂರು ಸಲ. ಅಂಥ ಫೈಲ್‌ನಿಂದ ನಾಟ್ ತಂದು 11 ಬೇಕಾದ ಕೋಡ್‌ಗೆ ಹಾಕಿದರೆ ಎಲ್ಲ ಒಂದು ಸ್ಥಾನ ಸರಿದು ಕೆಡುತ್ತದೆ. ನಾಟ್ ಸಂಖ್ಯೆಯನ್ನು ಪಾಯಿಂಟ್ ಸಂಖ್ಯೆ ಜೊತೆ ತಾಳೆ ನೋಡುವ ಒಂದು ಸಾಲು ಕೋಡ್‌ನ ಶುರುವಿನಲ್ಲೇ ಇರಲಿ.

ಹೊಸ ನಾಟ್‌ಗಳನ್ನು ಹಾಕಿ ಓಡಿಸಿದಾಗ ಕರ್ವ್ ಪೂರ್ತಿ ಮಾಯವಾಯಿತು. ಎರರ್ ಇಲ್ಲ, ಎಚ್ಚರಿಕೆ ಸಂದೇಶ ಇಲ್ಲ, ಪರದೆ ಖಾಲಿ. ಮೇಲಿನ `N` ಕೋಡನ್ನು ಇನ್ನೊಮ್ಮೆ ನೋಡಿ. P0ಯ ತೂಕ ಲೆಕ್ಕ ಹಾಕುವಾಗ ಅದು ಕೆಳಗಿಳಿದು `N(0,1)` ಕೇಳುತ್ತದೆ. ಅಲ್ಲಿ `U[1] - U[0]` ಸೊನ್ನೆ. `u = 0` ಆದರೆ 0/0, ಜಾವಾಸ್ಕ್ರಿಪ್ಟ್‌ನಲ್ಲಿ `NaN`. `u = 0.5` ಆದರೆ 0.5/0, ಅಂದರೆ `Infinity`. ಅದನ್ನು ಕೆಳಗಿನ ಹಂತದ 0ಯಿಂದ ಗುಣಿಸಿದರೆ ಮತ್ತೆ `NaN`. ಹಾಗಾಗಿ ತುದಿಯಲ್ಲಿ ಮಾತ್ರ ಅಲ್ಲ, ಎಲ್ಲ `u`ಗೂ P0ಯ ತೂಕ `NaN`. ಏಳನ್ನೂ ಕೂಡಿಸುವುದರಿಂದ ಮೊತ್ತವೂ `NaN`. ಕ್ಯಾನ್ವಾಸ್‌ನ `lineTo` ಇಂಥ ಅಂಕಿ ಕೊಟ್ಟರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಖಾಲಿ ಪರದೆಗೆ ಅದೇ ಕಾರಣ.

ಸೂತ್ರದ ಜೊತೆ ಒಂದು ಒಪ್ಪಂದ ಇದೆ: 0/0 ಬಂದರೆ ಆ ಪದವನ್ನೇ 0 ಅಂತ ತೆಗೆದುಕೊಳ್ಳಬೇಕು. ಭಾಜಕ 0 ಆದಾಗ ಅದರ ಜೊತೆ ಗುಣಿಸುವ ಗುಡ್ಡಕ್ಕೆ ಅಗಲವೇ ಇಲ್ಲ, ಅದು ಎಲ್ಲ ಕಡೆ 0. ಇಲ್ಲದ ಗುಡ್ಡದ ಪಾಲು ಎಷ್ಟು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಭಾಗಿಸುವ ಮೊದಲು ಭಾಜಕ ಸೊನ್ನೆಯೇ ಅಂತ ನೋಡಿದರೆ ಕೋಡ್ ಓಡುತ್ತದೆ. ಆದರೆ ಈ ತೇಪೆ ಹಾಕುವ ಬದಲು ಲೆಕ್ಕದ ದಾರಿಯನ್ನೇ ಬದಲಿಸೋಣ ಅಂದೆ. ಈ ರಿಕರ್ಶನ್ ಒಂದು ತೂಕಕ್ಕೆ 1 + 2 + 4 + 8, ಅಂದರೆ 15 ಸಲ ತನ್ನನ್ನು ಕರೆಯುತ್ತದೆ. ಏಳು ತೂಕಕ್ಕೆ 105 ಸಲ, ಅದೂ ಕರ್ವ್ ಮೇಲಿನ ಒಂದೇ ಒಂದು ಜಾಗಕ್ಕೆ. ಅವುಗಳಲ್ಲಿ ಹೆಚ್ಚಿನವು ಕೊಡುವ ಉತ್ತರ 0.

ಡಿ ಬೋರ್ ಅಲ್ಗಾರಿದಂ ಅದೇ ಬೆರೆಸುವಿಕೆಯನ್ನು ತಿರುಗಿಸಿ ಮಾಡುತ್ತದೆ. ತೂಕಗಳನ್ನು ಕಟ್ಟುವುದೇ ಇಲ್ಲ, ನೇರವಾಗಿ ಪಾಯಿಂಟ್‌ಗಳನ್ನೇ ಬೆರೆಸುತ್ತದೆ. `u` ಯಾವ ನಾಟ್ ಅಂತರದಲ್ಲಿದೆ ಅಂತ ಮೊದಲು ಹುಡುಕಬೇಕು. ಅದರ ನಂಬರ್ `k`. ಅಲ್ಲಿ ಕೆಲಸ ಮಾಡುವುದು ನಾಲ್ಕೇ ಪಾಯಿಂಟ್, `k-3`ರಿಂದ `k`ವರೆಗೆ. ಪಕ್ಕಪಕ್ಕದವನ್ನು ಬೆರೆಸಿ ನಾಲ್ಕನ್ನು ಮೂರು ಮಾಡಿ, ಮೂರನ್ನು ಎರಡು, ಎರಡನ್ನು ಒಂದು. ಒಟ್ಟು ಆರು ಬೆರಕೆ.

```js
function findSpan(n, p, u, U) {
  if (u >= U[n+1]) return n;
  let k = p;
  while (u >= U[k+1]) k++;
  return k;
}
function deBoor(P, p, U, u) {
  const k = findSpan(P.length - 1, p, u, U);
  const d = P.slice(k - p, k + 1).map(q => [q[0], q[1]]);
  for (let r = 1; r <= p; r++)
    for (let j = p; j >= r; j--) {
      const i = k - p + j;
      const a = (u - U[i]) / (U[i+p-r+1] - U[i]);
      d[j][0] = (1-a)*d[j-1][0] + a*d[j][0];
      d[j][1] = (1-a)*d[j-1][1] + a*d[j][1];
    }
  return d[p];
}
```

ಒಳಗಿನ ಲೂಪ್ `j` ಅನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತದೆ, ಗಮನಿಸಿ. ಕೆಳಗಿನಿಂದ ಹತ್ತಿಸಿದರೆ `d[j-1]` ಆಗಲೇ ಹೊಸ ಬೆಲೆಗೆ ಬದಲಾಗಿರುತ್ತದೆ, ಬೆರಕೆ ಕೆಡುತ್ತದೆ. ತುದಿ ಎರಡೂ ಸರಿಯಾಗೇ ಬರುವ ಕಾರಣ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಇನ್ನು `u = 1.5`ಕ್ಕೆ ಕೈಯಲ್ಲೇ ಮಾಡಿ ನೋಡೋಣ. 1.5 ಇರುವುದು `U[4] = 1` ಮತ್ತು `U[5] = 2` ನಡುವೆ. ಹಾಗಾಗಿ `k` 4, ಪಾಯಿಂಟ್‌ಗಳು P1ರಿಂದ P4ವರೆಗೆ.

ಮೊದಲ ಸುತ್ತಿನಲ್ಲಿ ಪ್ರತಿ ಬೆರಕೆ ಮೂರು ನಾಟ್ ದೂರವನ್ನು ನೋಡುತ್ತದೆ. P1 ಮತ್ತು P2 ಬೆರೆಸುವಾಗ ಆ ದೂರ `U[2] = 0`ಯಿಂದ `U[5] = 2`ವರೆಗೆ, 1.5 ಅದರಲ್ಲಿ ಮುಕ್ಕಾಲು ದೂರದಲ್ಲಿದೆ. ಕಾಲು ಪಾಲು P1, ಮುಕ್ಕಾಲು ಪಾಲು P2 ಸೇರಿ (30,45). P2 ಮತ್ತು P3ಕ್ಕೆ ದೂರ 0ಯಿಂದ 3, ಸರಿಯಾಗಿ ಅರ್ಧ, ಬಂದದ್ದು (48,42). P3 ಮತ್ತು P4ಕ್ಕೆ 1ರಿಂದ 4, ಪಾಲು 1/6, ಬಂದದ್ದು (62,32).

ಎರಡನೇ ಸುತ್ತಿನಲ್ಲಿ ಎರಡು ನಾಟ್ ದೂರ. 0ಯಿಂದ 2ರಲ್ಲಿ ಪಾಲು 0.75, ಉತ್ತರ (43.5, 42.75). 1ರಿಂದ 3ರಲ್ಲಿ ಪಾಲು 0.25, ಉತ್ತರ (51.5, 39.5). ಕೊನೆಯ ಸುತ್ತಿನಲ್ಲಿ 1ರಿಂದ 2, ಪಾಲು ಅರ್ಧ. ಕರ್ವ್ ಮೇಲಿನ ಜಾಗ (47.5, 41.125). ಕೋಡ್ ಕೊಟ್ಟದ್ದೂ ಅದನ್ನೇ.

ಈ ದಾರಿಯಲ್ಲಿ 0/0 ಯಾಕೆ ಬರುವುದಿಲ್ಲ? ಪ್ರತಿ ಬೆರಕೆಯಲ್ಲೂ ಭಾಜಕ ಒಂದು ನಾಟ್‌ನಿಂದ ಇನ್ನೊಂದಕ್ಕಿರುವ ದೂರ. ಎಡಗಡೆಯದು `U[k]` ಅಥವಾ ಅದಕ್ಕಿಂತ ಹಿಂದಿನದು, ಬಲಗಡೆಯದು `U[k+1]` ಅಥವಾ ಅದಕ್ಕಿಂತ ಮುಂದಿನದು. ಅಂದರೆ `u` ಇರುವ ಅಂತರ ಪ್ರತಿ ಭಾಜಕದ ಒಳಗೂ ಪೂರ್ತಿ ಸೇರಿಕೊಂಡಿದೆ. ಆ ಅಂತರಕ್ಕೆ ಅಗಲ ಇರುವ ತನಕ ಭಾಜಕ ಸೊನ್ನೆಯಾಗಲು ಸಾಧ್ಯವೇ ಇಲ್ಲ. ತೇಪೆಯ ಅಗತ್ಯವೇ ಬೀಳಲಿಲ್ಲ. `findSpan` ಅಗಲವಿಲ್ಲದ ಅಂತರವನ್ನು ಆರಿಸದಂತೆ ನೋಡಿಕೊಂಡರೆ ಸಾಕು. `while` ಸಾಲಿನ `>=` ಮಾಡುವುದು ಅದನ್ನೇ: `U[k+1]` `u`ಗಿಂತ ದೊಡ್ಡದಾಗುವ ತನಕ `k` ಮುಂದೆ ಹೋಗುತ್ತದೆ.

ತುದಿ ಮುಟ್ಟುವುದು ಯಾಕೆ ಅನ್ನುವುದೂ ಇಲ್ಲೇ ಕಾಣುತ್ತದೆ. `u = 0` ಹಾಕಿ. `k` 3. ಮೊದಲ ಸುತ್ತಿನ ಎಡ ನಾಟ್‌ಗಳು `U[1]`, `U[2]`, `U[3]`, ಮೂರೂ ಸೊನ್ನೆ. ಹಾಗಾಗಿ `u - U[i]` ಎಲ್ಲ ಕಡೆ ಸೊನ್ನೆ, ಪ್ರತಿ ಬೆರಕೆಯೂ ಎಡಗಡೆಯ ಪಾಯಿಂಟನ್ನೇ ಪೂರ್ತಿ ಇಟ್ಟುಕೊಳ್ಳುತ್ತದೆ. ನಾಲ್ಕು ಪಾಯಿಂಟ್ P0, P1, P2 ಆಗುತ್ತದೆ, ಆಮೇಲೆ P0, P1, ಕೊನೆಗೆ P0. ಇದನ್ನು ಓದುವಾಗ ಇನ್ನೊಂದು ಸಂಗತಿ ತಿಳಿಯುತ್ತದೆ: ಲೆಕ್ಕ `U[0]` ಅನ್ನು ಮುಟ್ಟಲೇ ಇಲ್ಲ. ನಾಲ್ಕನೇ ಸೊನ್ನೆ ಬೇಕಾಗುವುದು `N` ಸೂತ್ರದ ಎಣಿಕೆಗೆ ಮಾತ್ರ. ಒಂದೊಂದು ನಾಟ್ ಕಡಿಮೆ ಇಡುವ ಸಾಫ್ಟ್‌ವೇರ್‌ಗಳು ಅದನ್ನು ಬಿಟ್ಟೂ ಕೆಲಸ ಸಾಗಿಸುವುದು ಇದೇ ಧೈರ್ಯದ ಮೇಲೆ.

ಎದುರಿನ ತುದಿಯಲ್ಲಿ ಇನ್ನೊಂದು ಬಲೆ ಇತ್ತು. ಡಿಗ್ರಿ 0ಯ ನಿಯಮ `U[i] <= u && u < U[i+1]`. ಎಡಗಡೆ ಸೇರಿದೆ, ಬಲಗಡೆ ಸೇರಿಲ್ಲ. ನಡುವೆ ಇದು ಹೀಗೇ ಇರಬೇಕು, ಇಲ್ಲದಿದ್ದರೆ ನಾಟ್ ಮೇಲೆ ನಿಂತಾಗ ಎರಡು ಅಂತರ ಒಟ್ಟಿಗೆ 1 ಆಗಿ ಮೊತ್ತ ಕೆಡುತ್ತದೆ. ಆದರೆ `u = 4` ಯಾವ ಅಂತರಕ್ಕೂ ಸೇರುವುದಿಲ್ಲ. ಎಲ್ಲ ತೂಕ 0, ಜಾಗ (0,0). ಹಳೆಯ `N` ಕೋಡ್‌ಗೆ ಬರೀ 0/0 ತೇಪೆ ಹಾಕಿ ನೋಡಿದಾಗ ಹಾಗೇ ಆಯಿತು. ಕರ್ವ್ ಕೊನೆಯ ಪಾಯಿಂಟ್ ತನಕ ಚೆನ್ನಾಗಿ ಹೋಗಿ, ಅಲ್ಲಿಂದ ಮೂಲೆಗೆ ಒಂದು ನೇರ ಗೆರೆ ಎಳೆಯಿತು.

ಇದಕ್ಕೆ ಅನೇಕರು `u`ಯಿಂದ ಒಂದು ಸಣ್ಣ ಅಂಕಿ ಕಳೆದು 3.999999 ಮಾಡುತ್ತಾರೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಕೊನೆಯ ಜಾಗ P6ಗೆ ಸರಿಸಮ ಆಗುವುದಿಲ್ಲ. ಇನ್ನೊಂದು ಕರ್ವನ್ನು ಅದೇ ಪಾಯಿಂಟ್‌ನಿಂದ ಮುಂದುವರಿಸಿ, ಎರಡೂ ಕೂಡಿವೆಯೇ ಅಂತ ಸಮ-ಚಿಹ್ನೆಯಿಂದ ಪರೀಕ್ಷಿಸಿದರೆ ಇಲ್ಲ ಅನ್ನುತ್ತದೆ. `findSpan`ನ ಮೊದಲ ಸಾಲು ಇದನ್ನು ನೇರವಾಗಿ ಬಗೆಹರಿಸುತ್ತದೆ. ಕೊನೆಯ ನಾಟ್ ಬಂದರೆ ಅದನ್ನು ಕೊನೆಯ ನಿಜವಾದ ಅಂತರಕ್ಕೇ, ಅಂದರೆ 3ರಿಂದ 4ಕ್ಕೇ ಸೇರಿಸು ಅನ್ನುತ್ತದೆ. ಆಗ ಎಲ್ಲ ಪಾಲೂ 1 ಆಗಿ, ಪ್ರತಿ ಬೆರಕೆಯೂ ಬಲಗಡೆಯ ಪಾಯಿಂಟನ್ನೇ ಇಟ್ಟುಕೊಂಡು, ಉಳಿಯುವುದು P6. ಹತ್ತಿರದ ಬೆಲೆ ಅಲ್ಲ, ಅದೇ (108,36).

ಲೂಪ್ ಕೂಡ ಬದಲಾಯಿತು. ಮೊದಲು ಅದು `u`ಗೆ 0.1 ಕೂಡಿಸುತ್ತಾ ಹೋಗುತ್ತಿತ್ತು. 0.1ನ್ನು ಹತ್ತು ಸಲ ಕೂಡಿಸಿದರೆ ಕಂಪ್ಯೂಟರ್‌ನಲ್ಲಿ 1 ಬರುವುದಿಲ್ಲ, 0.9999999999999999 ಬರುತ್ತದೆ. ಹೀಗಾದರೆ ಕೊನೆಯ ಹೆಜ್ಜೆ ತುದಿಗೆ ಬರುವುದೋ ದಾಟುವುದೋ ಅದೃಷ್ಟಕ್ಕೆ ಬಿಟ್ಟಿದ್ದು. ಪೂರ್ಣಾಂಕ ಎಣಿಸಿ `u = 4 * j / M` ಅಂತ ಬರೆದರೆ `j` ಮತ್ತು `M` ಸಮವಾದಾಗ 4 ನಿಖರವಾಗಿ ಸಿಗುತ್ತದೆ.

ಎಲ್ಲ ಸೇರಿಸಿದ ಮೇಲೆ ಕರ್ವ್ P0ಯಿಂದ ಹೊರಟು P6ರಲ್ಲಿ ನಿಂತಿತು. ಹಳೆಯದರ ಜೊತೆ ಹೋಲಿಸಿದರೆ ತುದಿಗಳಷ್ಟೇ ಅಲ್ಲ, ನಾಲ್ಕೂ ತುಂಡುಗಳು ಸ್ವಲ್ಪ ಸ್ವಲ್ಪ ಬದಲಾಗಿದ್ದವು. ನಡುವಿನ ಭಾಗ ಯಾಕೆ ಬದಲಾಯಿತು ಅಂತ ಸಹೋದ್ಯೋಗಿ ಕೇಳಿದರು, ಸರಿಯಾದ ಪ್ರಶ್ನೆ. ಒಂದು ತುಂಡಿನ ಲೆಕ್ಕ ಆರು ನಾಟ್‌ಗಳನ್ನು ನೋಡುತ್ತದೆ, ತನ್ನ ಎರಡು ಮತ್ತು ಆಚೀಚೆ ಎರಡೆರಡು. ನಾಲ್ಕೇ ತುಂಡು ಇದ್ದಾಗ ಯಾವ ತುಂಡಿನಿಂದ ನೋಡಿದರೂ ತುದಿಯ ಗುಂಪು ಕಣ್ಣಿಗೆ ಬೀಳುತ್ತದೆ. ಹಳೆಯ ಜಾಗದಲ್ಲೇ ಉಳಿದದ್ದು ಸರಿ ಮಧ್ಯದ ಒಂದೇ ಬಿಂದು. ಈಗಿನ `u = 2`, ಹಳೆಯ `u = 5`, ಎರಡರಲ್ಲೂ P2, P3, P4ಕ್ಕೆ 1/6, 4/6, 1/6 ತೂಕ ಬಂದು (58,34). ಪಾಯಿಂಟ್‌ಗಳು ಜಾಸ್ತಿಯಾದಷ್ಟೂ ನಡುವೆ ಬದಲಾಗದೆ ಉಳಿಯುವ ಭಾಗ ಉದ್ದವಾಗುತ್ತದೆ. ಎಂಟು ಪಾಯಿಂಟ್ ಇದ್ದರೆ ಮಧ್ಯದ ಒಂದು ತುಂಡು ಪೂರ್ತಿ ಹಾಗೇ ಇರುತ್ತದೆ.

ಇಷ್ಟಾದ ಮೇಲೆ ಅದೇ ಕರ್ವ್ ಮೇಲೆ ಒಂದು ಚುಕ್ಕಿಯನ್ನು ಓಡಿಸುವ ಕೆಲಸ ಬಂತು. ಕ್ಲ್ಯಾಂಪ್ ಮಾಡುವುದಕ್ಕೂ ಒಂದು ಬೆಲೆ ಇದೆ ಅಂತ ಗೊತ್ತಾಗಿದ್ದು ಆಗ. ಚುಕ್ಕಿ ಶುರುವಿನಲ್ಲಿ ರಭಸವಾಗಿ ನೆಗೆದು, ನಡುವೆ ನಿಧಾನವಾಗಿ, ಕೊನೆಯಲ್ಲಿ ಮತ್ತೆ ರಭಸ ಹಿಡಿಯುತ್ತಿತ್ತು. ತುದಿಯಲ್ಲಿ ಡೆರಿವೇಟಿವ್ ಅಂದರೆ ಡಿಗ್ರಿಯನ್ನು ಮೊದಲ ಅಂತರದ ಅಗಲದಿಂದ ಭಾಗಿಸಿ P1 − P0 ಜೊತೆ ಗುಣಿಸಿದ್ದು: 3/1 ಗುಣಿಸು (0,24), ಅಂದರೆ (0,72). ದಿಕ್ಕು ಸರಿಯಾಗಿ P0ಯಿಂದ P1ರ ಕಡೆ, ಬಾಣದ ತಲೆಗೆ ಇದು ತುಂಬಾ ಅನುಕೂಲ. ಆದರೆ ವೇಗ 72. ಮಧ್ಯದಲ್ಲಿ `u = 2`ರಲ್ಲಿ ಡೆರಿವೇಟಿವ್ (18,−18), ವೇಗ ಸುಮಾರು 25.5. P0-P1 ಉದ್ದ 24, P3-P4 ಉದ್ದ ಸುಮಾರು 26.8, ಹೆಚ್ಚುಕಡಿಮೆ ಒಂದೇ ಆದರೂ ವೇಗದಲ್ಲಿ ಮೂರು ಪಟ್ಟಿನ ಹತ್ತಿರ ವ್ಯತ್ಯಾಸ. ತುದಿಯಲ್ಲಿ ನಾಟ್‌ಗಳು ಒತ್ತಾಗಿ ನಿಂತದ್ದರಿಂದ ಅದೇ ದೂರವನ್ನು ಕಡಿಮೆ `u`ನಲ್ಲಿ ದಾಟಬೇಕಾಗುತ್ತದೆ.

ನಾಟ್‌ಗಳೇ ಒಂದು ಅಳತೆ ಹೇಳುತ್ತವೆ. ಪ್ರತಿ ಪಾಯಿಂಟ್‌ನ ಗುಡ್ಡದ ಒಳಗಿನ ಮೂರು ನಾಟ್‌ಗಳ ಸರಾಸರಿ ತೆಗೆದರೆ ಅದಕ್ಕೊಂದು ಸಹಜ ಸ್ಥಾನ ಸಿಗುತ್ತದೆ. ಇದಕ್ಕೆ ಗ್ರೆವಿಲ್ ಸ್ಥಾನ ಅಂತ ಹೆಸರು. ನಮ್ಮ ನಾಟ್‌ಗಳಿಗೆ ಅವು 0, 1/3, 1, 2, 3, 11/3, 4. ಒಂದು ನೇರ ಗೆರೆ ಮೇಲೆ ಪಾಯಿಂಟ್‌ಗಳನ್ನು ಇದೇ ಅಂತರದಲ್ಲಿ ಇಟ್ಟರೆ ವೇಗ ಶುರುವಿನಿಂದ ಕೊನೆಯವರೆಗೆ ಒಂದೇ ಇರುತ್ತದೆ. ಅಂದರೆ ಕ್ಲ್ಯಾಂಪ್ ಮಾಡಿದ ಕ್ಯೂಬಿಕ್ ಕರ್ವ್‌ನಲ್ಲಿ ಮೊದಲ ಮತ್ತು ಕೊನೆಯ ಅಂತರ ನಡುವಿನ ಅಂತರದ ಮೂರನೇ ಒಂದು ಭಾಗ, ಅದರ ಪಕ್ಕದ್ದು ಮೂರನೇ ಎರಡು ಭಾಗ ಇದ್ದರೆ ಚೆನ್ನ. ಪಾಯಿಂಟ್‌ಗಳನ್ನು ನಾವೇ ಇಡುವ ಕಡೆ ನಾನು ಇದನ್ನೇ ಪಾಲಿಸುತ್ತೇನೆ.

ಆದರೆ ಇಲ್ಲಿ ಪಾಯಿಂಟ್‌ಗಳು ಬಳಕೆದಾರ ಕ್ಲಿಕ್ ಮಾಡಿದ ಜಾಗಗಳು, ಅವನ್ನು ಸರಿಸುವ ಹಾಗಿಲ್ಲ. ಹಾಗಾಗಿ ಕರ್ವ್‌ನ ಆಕಾರವನ್ನು ಹಾಗೇ ಬಿಟ್ಟು, ಚುಕ್ಕಿಯ ಓಟವನ್ನು ಉದ್ದದ ಲೆಕ್ಕಕ್ಕೆ ಬದಲಿಸಿದೆವು. `u`ವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡಿಸಿ, ಅಲ್ಲಿಯವರೆಗಿನ ಒಟ್ಟು ಉದ್ದವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡೆವು. ಚುಕ್ಕಿ ಇಷ್ಟು ದೂರ ಬಂದಿದೆ ಅಂದಾಗ ಪಟ್ಟಿಯಲ್ಲಿ ಆ ಉದ್ದ ಹುಡುಕಿ, ಎರಡು ಸಾಲುಗಳ ನಡುವೆ ಬಿದ್ದರೆ ಪಾಲು ಹಾಕಿ `u` ತೆಗೆದು `deBoor`ಗೆ ಕೊಡುತ್ತದೆ. ಪಾಯಿಂಟ್ ಒಂದು ಕದಲಿದರೆ ಪಟ್ಟಿಯನ್ನು ಮತ್ತೆ ಕಟ್ಟಬೇಕು. ಏಳು ಪಾಯಿಂಟ್‌ನ ಕರ್ವ್‌ಗೆ ಅದು ಲೆಕ್ಕಕ್ಕಿಲ್ಲದಷ್ಟು ಸಣ್ಣ ಕೆಲಸ.

ಬಳಕೆದಾರರು ಕೊನೆಯ ಕ್ಲಿಕ್ ಅನ್ನು ಮೊದಲನೆಯದಕ್ಕೆ ಕೂಡಿಸಿ ಉಂಗುರದ ಹಾಗೆ ಮುಚ್ಚಿದರೆ ಮಾತ್ರ ಕ್ಲ್ಯಾಂಪ್ ಬೇಡ ಅಂತ ಕೋಡ್‌ನಲ್ಲಿ ಬೇರೆ ದಾರಿ ಇಟ್ಟೆವು. ಮುಚ್ಚಿದ ಕರ್ವನ್ನು ಕ್ಲ್ಯಾಂಪ್ ಮಾಡಿದರೆ ಎರಡು ತುದಿ ಕೂಡುವಲ್ಲಿ ಸಾಮಾನ್ಯವಾಗಿ ಒಂದು ಮೂಲೆ ಏಳುತ್ತದೆ. ಅಲ್ಲಿ ಸಮ ಅಂತರದ ನಾಟ್‌ಗಳೇ ಸರಿ. P0, P1, P2 ಮೂರನ್ನೂ ಕೊನೆಗೆ ಇನ್ನೊಮ್ಮೆ ಸೇರಿಸಿದರೆ ಪಾಯಿಂಟ್ 10, ನಾಟ್ 14, ವ್ಯಾಪ್ತಿ 3ರಿಂದ 10. ಏಳು ಪಾಯಿಂಟ್‌ಗೆ ಏಳು ತುಂಡು, ಕೂಡುವ ಜಾಗ ಎಲ್ಲಿದೆ ಅಂತ ಹುಡುಕಿದರೂ ಕಾಣುವುದಿಲ್ಲ.